ಕ್ರಾಸ್ ಎರಡೂ ಸಮ ಬಂತು, ಆದ್ರೂ ಮೂಲೆ ಸ್ಕ್ವೇರ್ ಇಲ್ಲ: ರೂಮಿನ ಸೊಟ್ಟ ಎಲ್ಲಿದೆ ಅಂತ ಹುಡುಕೋದು ಹೇಗೆ

ಮಂಡ್ಯದಲ್ಲಿ ನಮ್ಮ ಚಿಕ್ಕಮ್ಮನ ಮನೆ ಮೇಲೆ ಹೊಸದಾಗಿ ಒಂದು ರೂಮು ಎತ್ತಿದ್ರು, ಹತ್ತು ಅಡಿ ಹನ್ನೆರಡು ಅಡಿ ಲೆಕ್ಕದ ರೂಮು, ಗಾರೆ ಎಲ್ಲಾ ಮುಗ್ದಿತ್ತು, 600 ಎಂಎಂ ಟೈಲ್ಸ್ ಬಂದಿಳ್ದಿತ್ತು. ನಾನು ಮೈಸೂರಿಂದ ಹೋಗೋ ಹೊತ್ತಿಗೆ ಟೈಲ್ಸ್ ಮೇಸ್ತ್ರಿ ಪಶ್ಚಿಮದ ಗೋಡೆಗೆ ಸಮವಾಗಿ ದಾರ ಹಿಡ್ದು ಸಿಮೆಂಟ್ ಹಾಕದೆ ಒಣಗ್ಲೇ ಒಂದಷ್ಟು ಟೈಲ್ಸ್ ಜೋಡಿಸಿ ನೋಡ್ತಿದ್ರು. ಪೂರ್ವದ ಗೋಡೆ ಹತ್ರ ಉಳಿದ ಸಂದು ಬಾಗಿಲ ಕಡೆಗಿಂತ ಒಳಗಡೆ ತುದೀಲಿ ಎರಡು ಇಂಚು ಜಾಸ್ತಿ ಇತ್ತು, ಅಷ್ಟೇ ಅಲ್ಲ ಉತ್ತರ ದಕ್ಷಿಣದ ಗೋಡೆ ಪಕ್ಕದಲ್ಲೂ ಸಂದು ಒಂದು ತುದೀಲಿ ಒಂದಿಂಚು ಮೇಲೆ ಹೆಚ್ಚು ಕಮ್ಮಿ ಆಗ್ತಿತ್ತು. ಅಂದ್ರೆ ಮೂರೂ ಕಡೆ ಕಟ್ ಪೀಸು ಬೆಣೆ ಥರ ಬರತ್ತೆ.

"ಮೇಸ್ತ್ರಿ, ಮೂಲೆ ಚೆಕ್ ಮಾಡಿದ್ರಾ" ಅಂದೆ.

"ಮಾಡ್ದೆ ಕಣಣ್ಣ, ಕ್ರಾಸು ಎಲ್ಡೂ ಒಂದೇ ಬತ್ತಾ ಅದೆ, ರೂಮು ಸ್ಕ್ವೇರೇ ಅದೆ, ಟೈಲ್ಸೇ ಸೈಜ್ ಹೆಚ್ಚುಕಮ್ಮಿ ಅದೇನೋ" ಅಂದ್ರು.

ಕ್ರಾಸ್ ಅಂದ್ರೆ ಒಂದು ಮೂಲೆಯಿಂದ ಅದರ ಎದುರು ಮೂಲೆಗೆ ಓರೆಯಾಗಿ ಹಿಡಿಯೋ ಅಳತೆ. ಟೇಪು ಹಿಡ್ದು ನೋಡ್ದೆ. ನೈಋತ್ಯದಿಂದ ಈಶಾನ್ಯಕ್ಕೆ 4768 ಎಂಎಂ, ಆಗ್ನೇಯದಿಂದ ವಾಯವ್ಯಕ್ಕೆ 4768 ಎಂಎಂ. ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ, ಅಳತೆಯಲ್ಲಿ ತಪ್ಪಿರಲಿಲ್ಲ. ಹತ್ತು ಟೈಲ್ಸ್ ತಗೊಂಡು ಒಂದರ ಪಕ್ಕ ಒಂದು ನಿಲ್ಲಿಸಿ ನೋಡಿದ್ರೆ ಅವೂ ಎಲ್ಲಾ ಒಂದೇ ಸೈಜು. ಮತ್ತೆ ಸೊಟ್ಟ ಎಲ್ಲಿಂದ ಬಂತು ಅನ್ನೋದೇ ಇಲ್ಲಿ ವಿಷಯ. ಕ್ರಾಸ್ ಸಮ ಬಂದ ಕೂಡ್ಲೇ ಟೇಪು ಮಡಚಿ ಇಡೋದು ತುಂಬಾ ಜನ ಮಾಡೋ ಕೆಲಸ, ಅದ್ರಿಂದ ಹಾಳಾಗಿರೋ ನೆಲ ನಾನೇ ಸಾಕಷ್ಟು ನೋಡಿದೀನಿ, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಬರೀತಿದೀನಿ.

ಕ್ರಾಸ್ ಏನು ಹೇಳತ್ತೆ, ಏನು ಹೇಳಲ್ಲ

ನಾಲ್ಕು ರೀಪರ್ ಪಟ್ಟಿ ತಗೊಂಡು ಮೂಲೆಗೆ ಒಂದೊಂದೇ ಮೊಳೆ ಹೊಡ್ದು ಚೌಕಟ್ಟು ಮಾಡಿ, ಎದುರೆದುರು ಪಟ್ಟಿ ಒಂದೇ ಉದ್ದ ಇರ್ಲಿ. ಅದನ್ನ ಒಂದು ಪಕ್ಕಕ್ಕೆ ತಳ್ಳಿದ್ರೆ ಒಂದು ಕ್ರಾಸ್ ಉದ್ದ ಆಗತ್ತೆ ಇನ್ನೊಂದು ಗಿಡ್ಡ ಆಗತ್ತೆ, ಎರಡೂ ಸಮ ಬರೋ ತನಕ ವಾಪಸ್ ತಳ್ಳಿದ್ರೆ ನಾಲ್ಕೂ ಮೂಲೆ 90 ಡಿಗ್ರಿ. ನಮ್ಮವರೆಲ್ಲ ಕ್ರಾಸ್ ನಂಬೋದು ಈ ಕಾರಣಕ್ಕೆ, ಕಿಟಕಿ ಬಾಗಿಲ ಚೌಕಟ್ಟು ಮಾಡೋ ಬಡಗಿಗಳಿಗೆ ಇದು ಯಾವತ್ತೂ ಕೈ ಕೊಡಲ್ಲ, ಯಾಕಂದ್ರೆ ಅವ್ರು ಎದುರೆದುರು ಪಟ್ಟಿಗಳನ್ನ ಮೊದ್ಲೇ ಒಂದೇ ಉದ್ದಕ್ಕೆ ಕುಯ್ದಿರ್ತಾರೆ. ಆ ಷರತ್ತು ಅಲ್ಲಿ ತಾನಾಗೇ ಪೂರ್ತಿ ಆಗಿರತ್ತೆ.

ರೂಮಿನ ಗೋಡೇನ ಯಾರೂ ಹಾಗೆ ಕುಯ್ದು ತಂದಿರಲ್ಲ. ಈಗ ಅಡಿಗೆಮನೇಲಿರೋ ಮೊರ ನೆನಪು ಮಾಡ್ಕೊಳಿ. ಕೇರೋ ಕಡೆ ಅಗಲ, ಹಿಂದಗಡೆ ಕಿರಿದು, ಎರಡು ಪಕ್ಕಾನೂ ಒಂದೇ ಥರ ಹೊರಗೆ ಚಾಚ್ಕೊಂಡಿರತ್ತೆ. ಮೊರದ ಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡ್ದು ಅಳೆದು ನೋಡಿ, ಎರಡು ಕ್ರಾಸೂ ಸಮ ಬರತ್ತೆ! ಆದ್ರೆ ಅದ್ರಲ್ಲಿ ಒಂದು ಮೂಲೆನೂ 90 ಡಿಗ್ರಿ ಇಲ್ಲ. ಚಿಕ್ಕಮ್ಮನ ರೂಮಿಗೆ ಆಗಿದ್ದು ಇದೇ, ರೂಮು ಮೊರದ ಆಕಾರದಲ್ಲಿ ಎದ್ದಿತ್ತು.

ಅದಕ್ಕೆ ಕ್ರಾಸ್ ಹಿಡಿಯೋಕೆ ಮುಂಚೆ ನಾಲ್ಕೂ ಗೋಡೆ ಉದ್ದ ಬರ್ಕೊಬೇಕು. ಎದುರೆದುರು ಗೋಡೆ ಜೊತೆ ಜೊತೆಗೆ ಸಮ ಇದ್ದು, ಕ್ರಾಸೂ ಸಮ ಬಂದ್ರೆ ಮಾತ್ರ ರೂಮು ಸ್ಕ್ವೇರ್. ಗೋಡೆ ಸಮ ಇದ್ದು ಕ್ರಾಸ್ ಬೇರೆ ಬೇರೆ ಬಂದ್ರೆ ಇಡೀ ರೂಮು ಒಂದು ಕಡೆಗೆ ವಾಲಿದೆ ಅಂತ, ಆಗ ಉದ್ದ ಕ್ರಾಸಿನ ಎರಡು ತುದಿ ಮೂಲೆಗಳು ಇರುಕಾಗಿರತ್ತೆ ಗಿಡ್ಡ ಕ್ರಾಸಿನ ತುದಿಗಳು ಅಗಲ ಆಗಿರತ್ತೆ. ಒಂದು ಜೊತೆ ಗೋಡೆ ಸಮ ಇಲ್ಲ, ಆದ್ರೆ ಕ್ರಾಸ್ ಸಮ ಅಂದ್ರೆ ಮೊರ. ಒಂದು ಜೊತೆ ಸಮ ಇಲ್ಲ, ಕ್ರಾಸೂ ಸಮ ಇಲ್ಲ ಅಂದ್ರೆ ಸಾಮಾನ್ಯವಾಗಿ ಒಂದೇ ಗೋಡೆ ಓರೆ ಆಗಿರತ್ತೆ, ಎರಡು ಮೂಲೆ ಸರಿ ಇರತ್ತೆ, ಯಾವುದು ಸರಿ ಅನ್ನೋದನ್ನ ಮುಂದೆ ಹೇಳೋ ಮೂರು ನಾಲ್ಕು ಐದರ ಅಳತೆ ಹಿಡ್ದೇ ನೋಡ್ಬೇಕು.

ಅಳೆಯೋಕೆ ಮುಂಚೆ ಮೂಲೆ ಶುದ್ಧ ಮಾಡ್ಕೊಳಿ

ಒಳಮೂಲೇಲಿ ಗಾರೆ ಯಾವಾಗ್ಲೂ ದಪ್ಪ ಕೂರತ್ತೆ, ಕರಣೆ ಮೂಲೆ ತನಕ ಎಳೆಯೋಕೆ ಆಗಲ್ಲ, ನೆಲದ ಹತ್ರ ಅಂತೂ ಬಿದ್ದ ಸಿಮೆಂಟು ಗುಡ್ಡೆ ಕಟ್ಟಿ ಒಣಗಿರತ್ತೆ. ಟೇಪಿನ ಕೊಕ್ಕೆ ಆ ಗುಡ್ಡೆಗೆ ತಾಗಿ ನಿಲ್ಲತ್ತೆ, ನೀವು ಗೋಡೆ ಅಳೀತಿದೀನಿ ಅಂದ್ಕೊಂಡು ಗುಡ್ಡೆ ಅಳೀತೀರ. ಮೊದ್ಲು ಉಳಿ ಸುತ್ತಿಗೆ ತಗೊಂಡು ಆ ಗುಡ್ಡೆ ಒಡ್ದು ಗುಡಿಸಬೇಕು. ಆಮೇಲೂ ಮೂಲೆ ದುಂಡಗೆ ಕಂಡ್ರೆ ಒಂದು ಆರಡಿ ಅಲ್ಯೂಮಿನಿಯಂ ಪಟ್ಟಿನ ನೆಲದ ಮೇಲೆ ಇಟ್ಟು ಗೋಡೆಗೆ ಆನಿಸಿ, ಮೂಲೆ ಉಬ್ಬಿಗೆ ತಾಗದ ಹಾಗೆ, ಪೆನ್ಸಿಲ್ ಗೀಟು ಎಳೆದು ಆ ಗೀಟನ್ನೇ ಮೂಲೆ ಕಡೆಗೆ ಮುಂದುವರಿಸಿ. ಎರಡು ಗೋಡೆಯ ಗೀಟು ಸೇರೋ ಚುಕ್ಕೆನೇ ನಿಮ್ಮ ಮೂಲೆ, ಗಾರೆ ಉಬ್ಬು ಎಲ್ಲೇ ಇರ್ಲಿ.

ಎಲ್ಲಾ ಅಳತೆನೂ ನೆಲದ ಮಟ್ಟದಲ್ಲೇ ತಗೊಳಿ, ಯಾಕಂದ್ರೆ ಟೈಲ್ಸ್ ಕೂರೋದು ಅಲ್ಲಿ. ಸೊಂಟದ ಎತ್ತರದಲ್ಲಿ ಟೇಪು ಹಿಡಿಯೋದು ಸುಲಭ, ಆದ್ರೆ ಗೋಡೆ ತೂಗುಗುಂಡಿಗೆ ಸರಿ ಇಲ್ದಿದ್ರೆ ಅಲ್ಲಿನ ಅಳತೆ ಬೇರೆ ನೆಲದ ಅಳತೆ ಬೇರೆ, ಜೊತೆಗೆ ಟೇಪು ಮಧ್ಯ ಜೋತು ಬಿದ್ದು ಇರೋದಕ್ಕಿಂತ ಜಾಸ್ತಿ ತೋರಿಸತ್ತೆ.

ಕೊಕ್ಕೆ ನಂಬಿಕೆ ಇಲ್ದೆ ಇದ್ರೆ ಟೇಪಿನ 100 ಎಂಎಂ ಗೀಟನ್ನ ಚುಕ್ಕೆ ಮೇಲೆ ಹಿಡ್ದು ಆಮೇಲೆ 100 ಕಳೀರಿ. ಇದು ಒಳ್ಳೇ ಅಭ್ಯಾಸನೇ, ಆದ್ರೆ ಹಿಡಿಯೋರು ಇಬ್ರು ಇದ್ರೆ ಕಳೆಯೋದನ್ನ ಯಾರು ಮಾಡ್ತಾರೆ ಅಂತ ಮೊದ್ಲೇ ಮಾತಾಡ್ಕೊಳಿ, ಒಂದ್ಸಲ ಇಬ್ರೂ ಕಳೆದು ಒಂದ್ಸಲ ಇಬ್ರೂ ಮರ್ತು ಗೊಂದಲ ಆಗಿರೋದು ಉಂಟು.

ಹೀಗೆ ಮಾಡಿ ನಾಲ್ಕು ಗೋಡೆ ಅಳೆದಾಗ ನಮಗೆ ಸಿಕ್ಕಿದ್ದು: ಪೂರ್ವ 3050, ಪಶ್ಚಿಮ 3050, ಬಾಗಿಲಿರೋ ದಕ್ಷಿಣದ ಗೋಡೆ 3640, ಒಳಗಡೆ ಉತ್ತರದ ಗೋಡೆ 3690. ಉತ್ತರ 50 ಎಂಎಂ ಉದ್ದ. ಕ್ರಾಸ್ ಎರಡೂ 4768. ಮೇಸ್ತ್ರಿಗೆ ತೋರಿಸಿದಾಗ ಅವ್ರು ಒಂದ್ಸಲ ಸುಮ್ನೆ ನಿಂತು ಆಮೇಲೆ "ಉದ್ದ ನೋಡ್ಲೇ ಇಲ್ವಲ್ಲಣ್ಣ ನಾನು" ಅಂದ್ರು. ಮೂವತ್ತು ವರ್ಷದ ಕೆಲಸದವ್ರು ಅವ್ರು, ಕೈ ಕೆಲಸ ಬಹಳ ಚೆನ್ನಾಗಿದೆ, ಈ ಒಂದು ಅಳತೆ ಬಿಟ್ಟಿದ್ರು ಅಷ್ಟೇ.

ಈಗ ಮೂರು ನಾಲ್ಕು ಐದು

ಉದ್ದದ ಲೆಕ್ಕದಿಂದ ಮೊರ ಅಂತ ಗೊತ್ತಾಯ್ತು, ಆದ್ರೂ ಮೂಲೆಗೇ ಹೋಗಿ ಕೇಳ್ಬೇಕು, ಯಾಕಂದ್ರೆ ಐದಾರು ಅಳತೆಯಲ್ಲಿ ಒಂದು ತಪ್ಪಾಗಿದ್ರೂ ತೀರ್ಮಾನ ಬದಲಾಗತ್ತೆ. ವಿಧಾನ ನಿಮಗೆಲ್ಲ ಗೊತ್ತಿರೋದೇ, 3² + 4² = 5², ಮೂಲೆಯಿಂದ ಒಂದು ಗೋಡೆ ಮೇಲೆ ಮೂರು ಪಾಲು ಇನ್ನೊಂದರ ಮೇಲೆ ನಾಲ್ಕು ಪಾಲು ಗುರುತು ಮಾಡಿ ಗುರುತಿಂದ ಗುರುತಿಗೆ ಅಳೆದ್ರೆ ಸರಿಯಾಗಿ ಐದು ಪಾಲು ಬರ್ಬೇಕು. ಐದಕ್ಕಿಂತ ಜಾಸ್ತಿ ಬಂದ್ರೆ ಮೂಲೆ ಅಗಲ ಆಗಿದೆ, 90 ದಾಟಿದೆ. ಕಮ್ಮಿ ಬಂದ್ರೆ ಇರುಕಾಗಿದೆ.

ಪಾಲು ಎಷ್ಟು ದೊಡ್ಡದು ತಗೊಂಡ್ರಿ ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ. ಮೇಸ್ತ್ರಿ ಮೊದ್ಲು ಮೂರಡಿ ನಾಲ್ಕಡಿ ಐದಡಿ ಹಿಡ್ದಿದ್ರಂತೆ, ಆಗ್ನೇಯದಲ್ಲಿ ಐದಡಿ ಮೇಲೆ ಕಾಲಿಂಚು ಬಂತಂತೆ, ಗಾರೆ ದಪ್ಪ ಇರ್ಬೇಕು ಅಂತ ಬಿಟ್ಟಿದ್ರು. ಕಾಲಿಂಚು ನೋಡೋಕೆ ಏನೂ ಅಲ್ಲ. ಆದ್ರೆ ಮೂರಡಿ ನಾಲ್ಕಡಿ ತ್ರಿಕೋನದಲ್ಲಿ ಬರೋ ವ್ಯತ್ಯಾಸ ಹನ್ನೆರಡು ಅಡಿ ಗೋಡೆ ತುದಿಗೆ ಹೋಗೋ ಹೊತ್ತಿಗೆ ಐದು ಪಟ್ಟು ಆಗಿರತ್ತೆ, ಕಾಲಿಂಚು ಅಲ್ಲಿ ಒಂದೂಕಾಲು ಇಂಚು. ತಿರುಗಿಸಿ ನೋಡಿದ್ರೆ, ಟೇಪು ಓದೋದ್ರಲ್ಲಿ ನೀವು 3 ಎಂಎಂ ತಪ್ಪಿದ್ರೂ ಗೋಡೆ ತುದೀಲಿ 15 ಎಂಎಂ ಸೊಟ್ಟ ಇದೆ ಅಂತ ಇಲ್ದಿರೋ ದೋಷ ಕಾಣಿಸ್ಬೋದು. ಅದಕ್ಕೆ ರೂಮು ಹಿಡಿಸೋವಷ್ಟು ದೊಡ್ಡ ತ್ರಿಕೋನ ತಗೊಬೇಕು. ನಾನು ಇಂಥ ರೂಮಿಗೆ 1800, 2400, 3000 ಎಂಎಂ ಹಿಡೀತೀನಿ, ಪಾಲಿಗೆ 600, ಟೈಲ್ಸ್ ಸೈಜೇ ಆಗಿರೋದ್ರಿಂದ ಬಾಯಲ್ಲೂ ನಿಲ್ಲತ್ತೆ.

ಇಲ್ಲಿ ಒಂದು ಎಡವಟ್ಟು ಹೇಳ್ಲೇಬೇಕು. ನಮ್ಮ ಟೇಪಲ್ಲಿ ಒಂದು ಕಡೆ ಅಡಿ ಇಂಚು ಇನ್ನೊಂದು ಕಡೆ ಮೆಟ್ರಿಕ್ ಇರತ್ತೆ. ಮೂರಡಿ ನಾಲ್ಕಡಿ ಅಂತ ಗುರುತು ಹಾಕಿ ಐದರ ಅಳತೆ ಮಾತ್ರ 1500 ಎಂಎಂ ಬರ್ಬೇಕು ಅಂತ ನೋಡಿದ್ರೆ ಕೆಟ್ಟಿತು, ಐದಡಿ ಅಂದ್ರೆ 1524. ಸರಿಯಾಗಿರೋ ಮೂಲೇನೂ 24 ಎಂಎಂ ತಪ್ಪು ಅಂತ ತೋರಿಸತ್ತೆ. ವ್ಯತ್ಯಾಸ 24ರ ಆಸುಪಾಸು ಬಂದ್ರೆ ಗೋಡೆ ಬೈಯೋಕೆ ಮುಂಚೆ ಟೇಪಿನ ಯಾವ ಕಡೆ ಓದಿದ್ರಿ ಅಂತ ನೋಡ್ಕೊಳಿ.

ಚಿಕ್ಕಮ್ಮನ ರೂಮಲ್ಲಿ ಬಂದಿದ್ದು ಹೀಗೆ. ದಕ್ಷಿಣದ ಎರಡು ಮೂಲೆ, ನೈಋತ್ಯ ಆಗ್ನೇಯ, ಎರಡರಲ್ಲೂ 3012. ಉತ್ತರದ ಎರಡು ಮೂಲೆ, ವಾಯವ್ಯ ಈಶಾನ್ಯ, ಎರಡರಲ್ಲೂ 2988. ಅಂದ್ರೆ ಬಾಗಿಲ ಕಡೆ ಮೂಲೆಗಳು ಅಗಲ, ಒಳಗಡೆ ಮೂಲೆಗಳು ಇರುಕು, ಎಲ್ಲಾ ಕಡೆ ಅದೇ 12 ಎಂಎಂ. ಈ ಸೈಜಿನ ತ್ರಿಕೋನದಲ್ಲಿ ಐದರ ಅಳತೆ 1 ಎಂಎಂ ತಪ್ಪಿದ್ರೆ ಗೋಡೆ 1440 ಎಂಎಂ ದೂರಕ್ಕೆ 1 ಎಂಎಂ ಓರೆ ಹೋಗಿದೆ ಅಂತ ಅರ್ಥ. 3050 ಎಂಎಂ ಗೋಡೆಗೆ ಅದು 2 ಎಂಎಂ ಮೇಲೆ ಸ್ವಲ್ಪ, ಹನ್ನೆರಡಕ್ಕೆ ಗುಣಿಸಿದ್ರೆ 25. ಪೂರ್ವದ ಗೋಡೆ 25 ಹೊರಗೆ, ಪಶ್ಚಿಮದ ಗೋಡೆ 25 ಹೊರಗೆ, ಕೂಡಿದ್ರೆ 50. ಉತ್ತರದ ಗೋಡೆ ಉದ್ದ ಇದ್ದಿದ್ದೂ ಅದೇ 50! ಎರಡು ಬೇರೆ ಬೇರೆ ದಾರೀಲಿ ಹೋಗಿ ಒಂದೇ ಉತ್ತರ ಸಿಕ್ಕಿದ್ಮೇಲೆ ನಾನು ದೋಷ ಸಿಕ್ತು ಅಂತ ಒಪ್ಕೊಂಡೆ, ಅದಕ್ಕೆ ಮುಂಚೆ ಒಪ್ಪಲ್ಲ.

ಮೂಲೆ ಸೊಟ್ಟನೋ, ಗಾರೆ ಉಬ್ಬೋ, ಗೋಡೆ ಹೊಟ್ಟೆನೋ

ಮೇಸ್ತ್ರಿ ಗಾರೆ ದಪ್ಪ ಇರ್ಬೇಕು ಅಂದಿದ್ರಲ್ಲ, ಆ ಅನುಮಾನ ತಪ್ಪೇನಲ್ಲ, ನಿಜವಾಗ್ಲೂ ಹಾಗೂ ಆಗತ್ತೆ. ಅದನ್ನ ಬೇರೆ ಮಾಡೋಕೆ ಒಂದು ಸುಲಭದ ದಾರಿ ಇದೆ, ಅದೇ ಮೂಲೇಲಿ ಒಂದು ಚಿಕ್ಕ ತ್ರಿಕೋನ, 900 1200 1500, ಅದ್ರ ಎರಡರಷ್ಟು ಒಂದು ದೊಡ್ಡ ತ್ರಿಕೋನ, 1800 2400 3000, ಎರಡೂ ಹಿಡೀರಿ.

ನಿಜವಾಗ್ಲೂ ಮೂಲೆಯ ಕೋನನೇ ತಪ್ಪಿದ್ರೆ ತ್ರಿಕೋನ ಎರಡರಷ್ಟು ಆದಾಗ ವ್ಯತ್ಯಾಸನೂ ಎರಡರಷ್ಟು ಆಗತ್ತೆ. ನಮ್ಮಲ್ಲಿ ಚಿಕ್ಕದ್ರಲ್ಲಿ 1506, ದೊಡ್ಡದ್ರಲ್ಲಿ 3012, ಆರು ಹನ್ನೆರಡಾಯ್ತು. ಅದೇ ಮೂಲೇಲಿ ಗಾರೆ ಮಾತ್ರ ದಪ್ಪ ಕೂತಿದ್ರೆ ಹೀಗಾಗಲ್ಲ. ಒಂದು ಗೋಡೆಯ ಗಾರೆ ಮೂಲೇಲಿ 8 ಎಂಎಂ ಉಬ್ಬಿದೆ ಅಂದ್ಕೊಳಿ, ನೀವು ಮೂಲೆ ಅಂದ್ಕೊಂಡ ಜಾಗನೇ 8 ಎಂಎಂ ಆಚೆ ಹೋಯ್ತು, ಅಲ್ಲಿಂದ ಹಾಕಿದ ಗುರುತೂ ಅಷ್ಟೇ ಆಚೆ ಹೋಯ್ತು, ಅದ್ರಿಂದ ಐದರ ಅಳತೆ 5 ಅಥವಾ 6 ಎಂಎಂ ಜಾಸ್ತಿ ಬರತ್ತೆ. ಆದ್ರೆ ಉಬ್ಬು ಬೆಳೆಯಲ್ವಲ್ಲ, ಚಿಕ್ಕ ತ್ರಿಕೋನಕ್ಕೂ ಅಷ್ಟೇ ದೊಡ್ಡದಕ್ಕೂ ಅಷ್ಟೇ. ಚಿಕ್ಕದ್ರಲ್ಲಿ 1506 ಬಂದು ದೊಡ್ಡದ್ರಲ್ಲೂ 3006 ಬಂದ್ರೆ ಕೋನ ಸರಿ ಇದೆ, ಮೂಲೆ ಚುಕ್ಕೆ ತಪ್ಪಿದೆ ಅಂತ ಓದ್ಕೊಬೇಕು. ಬಾಗಿದ ಕೊಕ್ಕೆನೂ ಹೀಗೇ ಒಂದೇ ಅಳತೆ ತಪ್ಪು ತೋರಿಸತ್ತೆ, ಟೇಪು ಬದಲಾಯ್ಸಿ ನೋಡಿದ್ರೆ ಅದು ಗೊತ್ತಾಗತ್ತೆ.

ಮೂರನೇದು, ಎರಡೂ ಲೆಕ್ಕಕ್ಕೆ ಸಿಗದೆ ಇರೋದು. ಮೈಸೂರಲ್ಲಿ ಹೆಬ್ಬಾಳದ ಕಡೆ ಒಂದು ಹಳೇ ಮನೆ ನೆಲ ಬದಲಾಯಿಸೋವಾಗ ಚಿಕ್ಕ ತ್ರಿಕೋನದಲ್ಲಿ 1507 ಬಂತು, ದೊಡ್ಡದ್ರಲ್ಲಿ 3001. ಎರಡರಷ್ಟೂ ಆಗ್ಲಿಲ್ಲ, ಅಷ್ಟೇನೂ ಉಳೀಲಿಲ್ಲ, ವಾಪಸ್ ಸರಿ ಹೋಗ್ಬಿಡ್ತು. ಆಗ ಗೋಡೆ ಉದ್ದಕ್ಕೂ ದಾರ ಕಟ್ಟಿದ್ವಿ, ಎರಡು ತುದೀಲಿ ಒಂದೇ ದಪ್ಪದ ಎರಡು ಟೈಲ್ಸ್ ಚೂರು ಗೋಡೆಗೆ ಒತ್ತಿ ಅದ್ರ ಮೇಲೆ ದಾರ ಬಿಗಿದು, ಅದೇ ದಪ್ಪದ ಮೂರನೇ ಚೂರನ್ನ ದಾರದ ಹಿಂದೆ ಅಲ್ಲಲ್ಲಿ ತೂರಿಸಿ ನೋಡಿದ್ವಿ. ಮೂಲೆಯಿಂದ ಮೂರ್ನಾಲ್ಕು ಅಡಿ ಹತ್ರ ಚೂರಿನ ಹಿಂದೆ ಸುಮಾರು 10 ಎಂಎಂ ಸಂದು ಉಳೀತಿತ್ತು, ಗೋಡೆ ಅಲ್ಲಿ ಹೊರಗಡೆಗೆ ಬಾಗಿತ್ತು. ಚಿಕ್ಕ ತ್ರಿಕೋನದ ಗುರುತು ಸರಿಯಾಗಿ ಆ ಬಾಗಿನ ಮೇಲೆ ಬಿದ್ದಿತ್ತು. ಇಂಥ ಗೋಡೇಲಿ ಮೂಲೆಗೆ 90 ಇದೆಯಾ ಅಂತ ಕೇಳೋದ್ರಲ್ಲೇ ಅರ್ಥ ಇಲ್ಲ, ಮೂರು ನಾಲ್ಕು ಐದನ್ನ ಗೋಡೆ ಮೇಲೆ ಹಿಡೀದೆ ತುದಿಯಿಂದ ತುದಿಗೆ ಎಳೆದ ಆ ದಾರದ ಮೇಲೆ ಹಿಡೀಬೇಕು. ನನ್ನನ್ನ ಕೇಳಿದ್ರೆ ದಾರದ ಪರೀಕ್ಷೇನ ಪ್ರತಿ ರೂಮಲ್ಲೂ ಮೊದ್ಲೇ ಮಾಡ್ಬೇಕು, ಐದು ನಿಮಿಷದ ಕೆಲಸ. ಚಿಕ್ಕಮ್ಮನ ರೂಮಲ್ಲಿ ನಾಲ್ಕೂ ಗೋಡೆ 2 ಎಂಎಂ ಒಳಗೇ ನೆಟ್ಟಗಿತ್ತು, ಗಾರೆ ಮಾಡಿದವ್ರ ಕೆಲಸ ಚೊಕ್ಕ, ಗೋಡೆ ಎದ್ದಿದ್ದೇ ಓರೆ.

ಓರೆ ಯಾಕೆ ಎದ್ದಿತು ಅಂದ್ರೆ ಕೆಳಗಿಳಿದು ನೋಡಿದ್ಮೇಲೆ ಗೊತ್ತಾಯ್ತು. ಪಶ್ಚಿಮದ ಗೋಡೆಗೆ ದಾರ ಹಿಡಿದಿದ್ದು ಪಕ್ಕದ ಕಾಂಪೌಂಡಿಗೆ ಸಮವಾಗಿ, ಪೂರ್ವದ್ದಕ್ಕೆ ಹಳೇ ಮೆಟ್ಟಿಲ ಗೋಡೆಗೆ ಸಮವಾಗಿ. ಎರಡಕ್ಕೂ ಒಂದೇ ಬುಡ ಇರ್ಲಿಲ್ಲ, ಎರಡೂ ತಮ್ ತಮ್ಮ ದಾರಿ ಹಿಡಿದ್ವು. ಒಂದು ಗೋಡೆ ಬುಡ ಮಾಡ್ಕೊಂಡು ಅದ್ರಿಂದಲೇ ಮಿಕ್ಕ ಮೂರನ್ನೂ ಮೂರು ನಾಲ್ಕು ಐದು ಹಿಡ್ದು ಎಬ್ಬಿಸಿದ್ರೆ ಹೀಗಾಗ್ತಿರಲಿಲ್ಲ.

ಇನ್ನೂ ಪಾಯ ತೋಡ್ದೆ ಇರೋರಿಗೆ ಒಂದು ಮಾತು. ಮೈಸೂರಲ್ಲಿ ಮಂಡ್ಯದಲ್ಲಿ ಜಾಸ್ತಿ ಇರೋದು ಥರ್ಟಿ ಫಾರ್ಟಿ ಸೈಟು, ಆ ಸೈಟೇ ಒಂದು ಮೂರು ನಾಲ್ಕು ಐದು! ಮೂವತ್ತು ಮೂರು ಪಾಲು, ನಲವತ್ತು ನಾಲ್ಕು ಪಾಲು, ಕ್ರಾಸ್ ಸರಿಯಾಗಿ 50 ಅಡಿ ಬರ್ಬೇಕು, ಎರಡೂ. ಮುಂದೆ ಹಿಂದೆ ಮೂವತ್ತು, ಅಕ್ಕಪಕ್ಕ ನಲವತ್ತು ಅಂತ ಅಳೆದು ಒಪ್ಪಿಸಿದ್ಮೇಲೆ ಈ ಐವತ್ತನ್ನೂ ಅಳೆದು ನೋಡಿ. ಆದ್ರೆ ಸೈಟಲ್ಲಿ ಗಿಡ ಕಲ್ಲು ಇರತ್ತೆ, ಇಳಿಜಾರಿರತ್ತೆ, ಟೇಪನ್ನ ನೆಲದ ಮೇಲೆ ಎಳೆದ್ರೆ ಇಳಿಜಾರಿನ ಉದ್ದ ಸೇರಿ ಜಾಸ್ತಿ ಬರತ್ತೆ, ಗಾಳೀಲಿ ಹಿಡಿದ್ರೆ ಜೋತು ಬಿದ್ದು ಜಾಸ್ತಿ ಬರತ್ತೆ. ನಾಲ್ಕು ಮೂಲೇಲೂ ಗೂಟ ಹೊಡ್ದು ನೀರಿನ ಪೈಪಲ್ಲಿ ಒಂದೇ ಮಟ್ಟ ಗುರುತು ಮಾಡಿ, ಗೂಟಗಳ ಮೇಲೆ ದಾರ ಬಿಗಿದು, ಟೇಪನ್ನ ಆ ದಾರದ ಪಕ್ಕದಲ್ಲೇ ಅಲ್ಲಲ್ಲಿ ಊರುಗೋಲು ಕೊಟ್ಟು ಎಳೆದು ಓದಿ. ಐವತ್ತು ಅಡಿಗೆ ಅರ್ಧ ಇಂಚು ಒಳಗೆ ಬಂದ್ರೆ ನಾನು ಸುಮ್ನಾಗ್ತೀನಿ.

ಮೊರದ ರೂಮಿಗೆ ಟೈಲ್ಸ್ ಹೆಂಗೆ ಕೂರಿಸಿದ್ವಿ

ಗೋಡೆ ಒಡೆಯೋ ಮಾತೇ ಇಲ್ಲ. ಗಾರೇಲಿ ಸರಿ ಮಾಡೋಣ ಅಂದ್ರೆ ಎರಡು ಗೋಡೆಗೂ ಒಂದು ತುದೀಲಿ ಇನ್ನೂ 25 ಎಂಎಂ ಗಾರೆ ಏರಿಸ್ಬೇಕು, ಒಂದೇ ಸಲಕ್ಕೆ ಅಷ್ಟು ದಪ್ಪ ನಿಲ್ಲಲ್ಲ, ಜಾರತ್ತೆ ಬಿರುಕು ಬಿಡತ್ತೆ, ಎರಡು ಸಲ ಹಾಕಿದ್ರೂ ಹಳೇ ಗಾರೆ ಕೆರೆದು ಹಿಡಿತ ಮಾಡ್ಬೇಕು. ಮಲಗೋ ರೂಮಿಗೆ ಅದು ಬೇಡ ಅನ್ನಿಸ್ತು. ದೋಷ ಯಾವ ಆಕಾರದ್ದು ಅಂತ ಗೊತ್ತಿರೋದ್ರಿಂದ ಅದನ್ನ ಹಂಚೋದು ಸುಲಭ.

ಮೊರದ ಆಕಾರದಲ್ಲಿ ಒಂದು ಅನುಕೂಲ ಇದೆ. ಪಕ್ಕದ ಗೋಡೆಗಳು ಓರೆ ಇದ್ರೂ ಉತ್ತರ ದಕ್ಷಿಣದ ಗೋಡೆಗಳು ಒಂದಕ್ಕೊಂದು ಸಮಾನಾಂತರ, ಅವೆರಡರ ಮಧ್ಯಬಿಂದು ಸೇರಿಸಿ ಗೀಟು ಎಳೆದ್ರೆ ಅದು ಎರಡಕ್ಕೂ ನೇರ 90ಕ್ಕೆ ನಿಲ್ಲತ್ತೆ. ದಕ್ಷಿಣದಲ್ಲಿ 1820ಕ್ಕೆ ಒಂದು ಚುಕ್ಕೆ, ಉತ್ತರದಲ್ಲಿ 1845ಕ್ಕೆ ಒಂದು ಚುಕ್ಕೆ ಹಾಕಿ ಬಣ್ಣದ ದಾರ ಬಿಗಿದು ಚಿಮ್ಮಿಸಿದ್ವಿ. ಮೇಸ್ತ್ರಿ ಪಶ್ಚಿಮದ ಗೋಡೆಯಿಂದ ಹಿಡಿದಿದ್ದ ದಾರ ಬಿಚ್ಚಿ ಹಾಕಿದ್ರು, ಅದ್ರಿಂದ ಶುರು ಮಾಡಿದ್ದಕ್ಕೇ ಆ ಗೋಡೆ ಓರೆ ಇಡೀ ನೆಲಕ್ಕೆ ಬಂದು ಉತ್ತರ ದಕ್ಷಿಣದ ಕಡೆನೂ ಬೆಣೆ ಬಂದಿತ್ತು.

ಮಧ್ಯದ ಗೀಟು ಸರಿ ಇದೆಯಾ ಅಂತ ನೋಡೋಕೆ ಮತ್ತೆ ಮೂರು ನಾಲ್ಕು ಐದು, ಈ ಸಲ ಎರಡೂ ಪಕ್ಕಕ್ಕೆ. ದಕ್ಷಿಣದ ಮಧ್ಯ ಚುಕ್ಕೆಯಿಂದ ಪೂರ್ವಕ್ಕೆ 1800, ಪಶ್ಚಿಮಕ್ಕೆ 1800, ಮಧ್ಯದ ಗೀಟಿನ ಮೇಲೆ 2400, ಅಲ್ಲಿಂದ ಎರಡು ಗುರುತಿಗೂ ಅಳೀರಿ. ಎರಡೂ 3000 ಬಂತು. ಹೀಗೆ ಎರಡು ಪಕ್ಕ ಹಿಡಿಯೋದು ನನಗೆ ತುಂಬಾ ಇಷ್ಟ, ಯಾಕಂದ್ರೆ ಟೇಪು ಸ್ವಲ್ಪ ತಪ್ಪಿದ್ರೂ ಎರಡು ಕಡೆನೂ ಅಷ್ಟೇ ತಪ್ಪತ್ತೆ, ಒಂದು ಕಡೆ 3002 ಇನ್ನೊಂದು ಕಡೆನೂ 3002 ಬಂದ್ರೆ ಗೀಟು ಸರಿನೇ. ಒಂದು 3004 ಒಂದು 2996 ಬಂದಾಗ ಮಾತ್ರ ಗೀಟು ಓರೆ, ಗಿಡ್ಡ ಬಂದ ಕಡೆಗೆ ವಾಲಿದೆ ಅಂತ.

ಆಮೇಲೆ ಟೈಲ್ಸ್ ಲೆಕ್ಕ. ಅಡ್ಡಕ್ಕೆ ಆರು ಪೂರ್ತಿ ಟೈಲ್ಸ್ ಇಟ್ರೆ ಅಕ್ಕಪಕ್ಕ ಎರಡು ಬೆರಳು ಪಟ್ಟಿ ಉಳಿಯತ್ತೆ, ಅಂಥ ಸಣ್ಣ ಪಟ್ಟಿ ಕುಯ್ಯೋವಾಗ್ಲೇ ಮುರಿಯತ್ತೆ, ಜೊತೆಗೆ ಸಣ್ಣ ಪಟ್ಟೀಲಿ ಬೆಣೆ ಎದ್ದು ಕಾಣತ್ತೆ. ಅದಕ್ಕೆ ಐದು ಪೂರ್ತಿ ಟೈಲ್ಸ್ ಮಧ್ಯದ ಗೀಟಿಗೆ ಸರಿಯಾಗಿ ಕೂರಿಸಿ, 2 ಎಂಎಂ ಸ್ಪೇಸರ್ ಸೇರಿಸಿ, ಎರಡು ಪಕ್ಕಕ್ಕೂ ಅರ್ಧ ಟೈಲಿಗಿಂತ ಸ್ವಲ್ಪ ದೊಡ್ಡ ಕಟ್ ಪೀಸ್ ಬರೋ ಹಾಗೆ ಮಾಡಿದ್ವಿ. ಬಾಗಿಲ ಕಡೆ 314 ಎಂಎಂ, ಒಳಗಡೆ ತುದೀಲಿ 339. ಇಡೀ ರೂಮಿನ ಉದ್ದಕ್ಕೆ 25 ಎಂಎಂ ಹೆಚ್ಚಳ, ಅಂದ್ರೆ ಒಂದು ಟೈಲಿಗೆ ಸುಮಾರು 5 ಎಂಎಂ, ಮುನ್ನೂರು ಚಿಲ್ಲರೆ ಅಗಲದ ಪೀಸಲ್ಲಿ ಅದು ಕಣ್ಣಿಗೆ ಸಿಗಲ್ಲ. ಮೊದ್ಲಿನ ಹಾಗೆ ಪಶ್ಚಿಮದಿಂದ ಹಾಕಿದ್ರೆ 50 ಎಂಎಂ ಪೂರ್ತಿ ಪೂರ್ವದ ಗೋಡೆ ಪಕ್ಕದಲ್ಲೇ ಬರ್ತಿತ್ತು. ಉದ್ದಕ್ಕೆ ನಾಲ್ಕು ಪೂರ್ತಿ ಟೈಲ್ಸು, ಎರಡು ತುದೀಲಿ ಅರ್ಧ ಅರ್ಧ, ಅಲ್ಲಿ ಬೆಣೆನೇ ಇಲ್ಲ, ಬಾಗಿಲಲ್ಲಿ ನಿಂತು ನೋಡಿದ್ರೆ ಗೋಡೆಗೂ ಟೈಲ್ಸ್ ಗೀಟಿಗೂ ನೇರ ಹೊಂದಿಕೆ.

ಎಷ್ಟು ಸೊಟ್ಟ ಇದ್ರೆ ತಲೆ ಕೆಡಿಸ್ಕೊಬೇಕು ಅಂತ ಕೇಳ್ತಾರೆ. ಬರೀ ನೆಲಕ್ಕಾದ್ರೆ ಹತ್ತಡಿಗೆ 5, 6 ಎಂಎಂ ಒಳಗೆ ಇದ್ರೆ ಸ್ಕರ್ಟಿಂಗ್ ಮುಚ್ಕೊಳತ್ತೆ, ಬಿಡಿ. ಅಡಿಗೆಮನೆಯಲ್ಲಿ ಎಲ್ ಆಕಾರದ ಗ್ರಾನೈಟ್ ಕಟ್ಟೆ ಬರೋ ಮೂಲೆಗೆ, ವಾರ್ಡ್‌ರೋಬ್ ಗೋಡೆಯಿಂದ ಗೋಡೆಗೆ ಕೂರೋ ಕಡೆಗೆ ಅಷ್ಟು ಸಡಿಲ ಬಿಡೋಕಾಗಲ್ಲ, ಅಲ್ಲಿ ಮೂಲೆಯ ಅಳತೆ ಬರ್ಕೊಂಡು ಹೋಗಿ ಕಲ್ಲು ಕುಯ್ಸೋಕಿಂತ ಆ ಮೂಲೆಗೇ ರಟ್ಟು ಇಟ್ಟು ಅಚ್ಚು ತೆಗ್ದು ಅದನ್ನೇ ಕಲ್ಲಿನ ಅಂಗಡಿಗೆ ಕೊಡೋದು ಒಳ್ಳೇದು, ಸೊಟ್ಟ ಎಷ್ಟಿದ್ರೂ ಅಚ್ಚು ಹಿಡ್ಕೊಳತ್ತೆ.

ಮಾರ್ನೇ ದಿನ ಬೆಳಿಗ್ಗೆ ಸಿಮೆಂಟ್ ಕಲ್ಸೋಕೆ ಮುಂಚೆ ಮೇಸ್ತ್ರಿನೇ ಟೇಪು ತಗೊಂಡು ಆ ಎರಡು 3000 ಇನ್ನೊಂದ್ಸಲ ಅಳೆದ್ರು, ರಾತ್ರಿ ಯಾರೋ ಓಡಾಡಿ ದಾರದ ಮೊಳೆ ಒದ್ದಿರ್ಬೋದು ಅಂತ. ಒಂದು ಕಡೆ 3003 ಇನ್ನೊಂದು ಕಡೆ 2997 ಇತ್ತು, ಉತ್ತರದ ಮೊಳೆ ಸ್ವಲ್ಪ ಅಲುಗಾಡಿತ್ತು, ಬಡ್ದು ಸರಿ ಮಾಡಿ ಮತ್ತೆ ಅಳೆದ್ರು. ಕಟ್ ಪೀಸುಗಳಿಗೆ ಪೂರ್ವದ್ದು ಒಂದರಿಂದ ಆರು, ಪಶ್ಚಿಮದ್ದು ಒಂದರಿಂದ ಆರು ಅಂತ ಹಿಂದಗಡೆ ನಂಬರ್ ಬರ್ದು ಬೇರೆ ಬೇರೆ ಜೋಡಿಸಿಟ್ರು, ಬೆಣೆ ಎರಡು ಕಡೆನೂ ಕನ್ನಡೀಲಿ ನೋಡಿದ ಹಾಗೆ ತಿರುಗಾಮುರುಗಾ ಇರೋದ್ರಿಂದ ಒಂದು ಪಕ್ಕದ ಪೀಸು ಇನ್ನೊಂದು ಪಕ್ಕಕ್ಕೆ ಕೂರಲ್ಲ.